ಆಯಿಯ ಮೂರು ಚೀಲ

ಆಯಿಯ ಕಾಲು ಯಾಕೆ ಬಾತಿವೆ ಎಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಆಯಿ ಎಂದರೆ ನನ್ನ ಅಜ್ಜಿ. ಬಿಪಿಗೆ ಮಿರಜಿನ ಡಾಕ್ಟರ ಗುಳಿಗೆ ಮೊದಲಿನಿಂದಲೂ ಇತ್ತು. ಐಗಳಿ ಊರಿನ ತನ್ನ ಮಗಳ ಮನೆಯಲ್ಲಿ ಆಯಿಗೆ ತಲೆ ಸುತ್ತಿದಾಗ ಅಥಣಿಯ ಡಾಕ್ಟರು ಬಿಪಿಗೆಂದೇ ಇನ್ನೊಂದು ಬರೆದರು. ಕಾಲು ಬಾತ ಮೇಲೆ ಚಿಕ್ಕೋಡಿಯ ಡಾಕ್ಟರು ಮೂತ್ರ ಹೋಗುವ ಗುಳಿಗೆ ಕೊಟ್ಟರು. ಒಬ್ಬೊಬ್ಬ ಡಾಕ್ಟರ ಚೀಟಿ, ಗುಳಿಗೆಗೆ ಒಂದೊಂದು ಬಟ್ಟೆಯ ಚೀಲ. ಯಾರ ಬಳಿ ಹೋದರೂ ಅವರ ಚೀಲವಷ್ಟೇ ಆಕೆಯ ಜೊತೆ ಹೋಗುತ್ತಿತ್ತು.

ಕೊನೆಗೆ ಏಕಸಂಬಿಯ ಪರಿಚಯದ ಡಾಕ್ಟರಿಗೆ ಫೋನ್ ಮಾಡಿದೆ. ಎಲ್ಲ ಚೀಟಿ, ಗುಳಿಗೆ ಒಟ್ಟಿಗೆ ಹರವಿ ಫೋಟೊ ಕಳಿಸಲು ಹೇಳಿದರು. ಹಾಸಿಗೆಯ ಮೇಲೆ ಹರವಿ ಕಳಿಸಿದೆ.

"ಮಿರಜದ್ದು, ಅಥಣಿದು, ಎರಡರಾಗೂ ಒಂದ ಔಷಧ ಐತಲ್ರಿ," ಎಂದರು.

ನನಗೆ ರೇಗಿತು. "ಹೆಸರು ಬ್ಯಾರೆ, ಬಣ್ಣ ಬ್ಯಾರೆ ಅದಾವಲ್ರಿ!"

"ಅದು ಕಂಪನಿ ಹೆಸರ್ರಿ. ಕೆಳಗಿನ ಸಣ್ಣ ಅಕ್ಷರ ಓದ್ರಿ."

ಫೋಟೊ ಹಿಗ್ಗಿಸಿದೆ. ಎರಡರಲ್ಲೂ ಅಮ್ಲೋಡಿಪಿನ್. ಮಿರಜಿನದರಲ್ಲಿ ಅದರ ಜೊತೆ ಇನ್ನೊಂದು ಔಷಧವೂ ಸೇರಿತ್ತು.

"ಇದು ಡಬಲ್ ಆದ್ರ ಕಾಲು ಬಾಯತಾವ್ರಿ. ಆ ಬಾವು ಇಳೀಲಿ ಅಂತನಽ ಮೂರನೇ ಗುಳಿಗಿ ಕೊಟ್ಟಂಗ ಕಾಣತೈತಿ. ನೀವಽ ಯಾವದೂ ಬಿಡಬ್ಯಾಡ್ರಿ. ಈಗ ಕರಕೊಂಡ ಬರ್ರಿ, ಬಿಪಿ ನೋಡಿ ಹೇಳತೀನಿ."

ಔಷಧವೇ ರೋಗವೋ, ರೋಗಕ್ಕೆ ಔಷಧವೋ ಎಂದುಕೊಳ್ಳುತ್ತ, ಬರುತ್ತೇವೆ ಎಂದು ಹೇಳಿ ಫೋನ್ ಇಟ್ಟೆ. ತಿರುಗಿ ನೋಡಿದರೆ ಹಾಸಿಗೆಯ ಮೇಲೆ ಒಂದು ಗುಳಿಗೆಯೂ ಇಲ್ಲ. ಆಯಿ ಎಲ್ಲವನ್ನೂ ಮತ್ತೆ ಮೂರು ಚೀಲಕ್ಕೆ ತುಂಬಿ, ಸೀರೆ ಸರಿಮಾಡಿಕೊಂಡು ನಿಂತಿದ್ದಳು.

"ಇವ ಹೊಸಾ ಡಾಕ್ಟರ," ಎಂದಳು. "ಯಾರ ಚೀಲಾ ತಗೊಂಡ ಬರ್ಲಿ?"