ಸನ್ಮಾನದ ಬಾಬ್ತು

ಆನೆ ಬಂದ ಸುದ್ದಿ ತಿಳಿದರೆ ಬೈಕ್ ಹತ್ತಿ ಹೋಗಿ, ತೋಟದ ಲೈನ್ ಮನೆಗಳ ಕೂಲಿಯವರನ್ನೂ ಶಾಲೆ ಮಕ್ಕಳನ್ನೂ ಎಚ್ಚರಿಸುವ ಸ್ವಯಂಸೇವಕರು ನಮ್ಮ ಸಂಸ್ಥೆಯಲ್ಲಿದ್ದರು. ಅವರ ಉಸ್ತುವಾರಿ ನನ್ನದು.

ಆ ವರ್ಷದ ಬಜೆಟ್ ಸಭೆಯಲ್ಲಿ ನಮ್ಮ ಖಜಾಂಚಿ, ಬೆಳಗೋಡಿನ ಕಡೆಯ ದೊಡ್ಡ ಎಸ್ಟೇಟಿನ ಮಾಲೀಕರು, ಎರಡು ದಿನದ ತರಬೇತಿಯನ್ನು ಒಂದಕ್ಕೆ ಇಳಿಸಿದರು. ಪ್ರಯಾಣ ಭತ್ಯೆಗೆ ಬಸ್ ಟಿಕೆಟ್ ಕಡ್ಡಾಯ ಎಂದರು. ಬಸ್ಸೇ ಹೋಗದ ತೋಟದ ದಾರಿಗೆ ಟಿಕೆಟ್ ಯಾರು ಕೊಡುತ್ತಾರೆ ಎಂದು ಕೇಳಿದೆ. ಅವರು ಸ್ವಯಂಸೇವಕರ ಅಪಘಾತ ವಿಮೆಯ ಸಾಲಿಗೂ ಅಡ್ಡಗೆರೆ ಎಳೆದರು.

"ಸೇವೆ ಮಾಡೋರಿಗೆ ಇನ್ಶೂರೆನ್ಸ್ ಯಾಕಮ್ಮ? ಅವರೇನ್ ಸಂಬಳದೋರಾ? ಸನ್ಮಾನ ಐತಲ್ಲ."

ಹೌದು, ಶಾಲು, ಹಾರ, ಫಲಕದ ಹಣವನ್ನು ಮಾತ್ರ ಅವರು ಮುಟ್ಟಿರಲಿಲ್ಲ. ವೇದಿಕೆಯ ಮೇಲೆ ಶಾಲು ಹೊದಿಸುವವರು ಅವರೇ.

"ಸಂಬಳದೋರಲ್ಲ, ಅದಕ್ಕೇ ನಾವು ಮಾಡಿಸ್ಬೇಕು. ಬೇರೆ ಯಾರು ಮಾಡಿಸ್ತಾರೆ?" ಎಂದೆ.

ಅವರು ಪೆನ್ನಿನ ಮುಚ್ಚಳ ಹಾಕಿದರು.

ಪಾಲಿಸಿಗೆಂದು ಮೊದಲೇ ತುಂಬಿಸಿಟ್ಟಿದ್ದ ನಾಮಿನಿ ಪಟ್ಟಿಯನ್ನು ಅವರ ಮುಂದೆ ತಳ್ಳಿದೆ. ತಾನು ಸತ್ತರೆ ಹಣ ಯಾರಿಗೆ ಎಂಬಲ್ಲಿ ಒಬ್ಬೊಬ್ಬರೂ ತಮ್ಮ ಕೈಯಾರೆ ಹೆಂಡತಿಯ, ತಾಯಿಯ, ಮಗಳ ಹೆಸರು ಬರೆದಿದ್ದರು.

ಆ ಹೆಸರುಗಳ ಮೇಲೆ ಬೆರಳಿಟ್ಟು, "ಹಂಗಾದ್ರೆ ಇವರಿಗೂ ಒಂದೊಂದು ಶಾಲು ಎತ್ತಿಡಿ ಸಾರ್," ಎಂದೆ.