ನಾಲ್ಕು ಬೋಲ್ಟಿನ ಚಿತ್ರ

ಸಾಬಣ್ಣ ಹನ್ನೊಂದು ವರ್ಷ ಊರೂರು ತಿರುಗಿ ಮಾಳಿಗೆಗಳ ಮೇಲೆ ಸೋಲಾರ್ ಕೂರಿಸಿದವನು. ಸೊಂಟ ಕೈಕೊಟ್ಟ ಮೇಲೆ ಚಿತ್ತಾಪುರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತ. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಕೋಚಿಂಗ್ ಕ್ಲಾಸು, ಯಾವುದು ಬಂದರೂ ಮಾಡುತ್ತಿದ್ದ. ಸೊಂಟ ಕುಳಿತರೂ ನೋಯುತ್ತಿತ್ತು, ನಿಂತರೂ ನೋಯುತ್ತಿತ್ತು. ಅದಕ್ಕೆ ಈಗ ಅವನು ದೂರುವುದನ್ನೇ ಬಿಟ್ಟಿದ್ದ.

ಸೋಲಾರ್ ವ್ಯಾಪಾರಿ ಶರಣಕುಮಾರ ಜಾಹೀರಾತಿಗೆಂದು ಮೊಬೈಲಿನಲ್ಲಿ ಒಂದು ಚಿತ್ರ ತಂದಿದ್ದ. ಯಾವುದೋ ಆ್ಯಪಿನಲ್ಲಿ ತಾನೇ ಮಾಡಿಸಿದ್ದು. ಪ್ಯಾನೆಲ್ಲುಗಳು ಬಾಗಿಲಿನ ಹಾಗೆ ನೆಟ್ಟಗೆ ನಿಂತಿದ್ದವು. ಸೂರ್ಯ ಅವುಗಳ ಬೆನ್ನ ಹಿಂದೆ, ಹೊಳಪು ಮಾತ್ರ ಮುಂದೆ. ಕೆಳಗೆ ಕಾಲೇ ಇಲ್ಲ.

"ಬೆನ್ನಿಗಿ ಬಿಸಲು ಬಿದ್ರ ಮುಖ ಹೆಂಗ ಹೊಳೀತದ್ರಿ?" ಎಂದ ಸಾಬಣ್ಣ. "ನಮ್ಮ ಕಡಿ ದಕ್ಷಿಣಕ್ಕ ಮುಖ ಮಾಡಿ ಹದಿನೇಳು ಡಿಗ್ರಿ ಬಾಗಿಸಿದ್ರ ಸಾಕು. ಮುಂದಿನ ಕಾಲು ಒಂದ್ ಫೂಟು, ಹಿಂದಿನದು ಮೂರು."

"ಯಾರ್ ಅಳೀತಾರ ಬಿಡೋ ಮಾರಾಯ! ಛಂದ ಕಂಡ್ರ ಆಯ್ತು."

ಎರಡು ದಿನ ಜಗ್ಗಾಡಿ ಸಾಬಣ್ಣ ಗೆದ್ದ. ಹೊಸ ಚಿತ್ರ ತಾನೇ ಮಾಡಿದ: ಪೂರ್ವಕ್ಕೆ ಬಾಗಿಲಿರುವ, ಮಾಳಿಗೆಗೆ ಪರ್ಸಿ ಎಂಬ ಚಪ್ಪಡಿ ಕಲ್ಲು ಹಾಸಿದ ಮನೆ, ಆಗ್ನೇಯ ಮೂಲೆಯಿಂದ ನೋಡಿದ ನೋಟ, ಜನವರಿಯ ಬೆಳಗಿನ ಹತ್ತು ಗಂಟೆಯ ಬಿಸಿಲು. ಬಾಗಿಲೂ ಕಾಣುತ್ತಿತ್ತು, ಪ್ಯಾನೆಲ್ಲಿನ ಮುಖವೂ ಕಾಣುತ್ತಿತ್ತು. ಕಾಲುಗಳ ನೆರಳು ವಾಯವ್ಯಕ್ಕೆ ಬಿದ್ದಿತ್ತು. ಕಾಲುಗಳ ಬುಡವೊಂದು ಉಳಿದಿತ್ತು. ಅಷ್ಟರಲ್ಲಿ ಅವನಿಗೆ ಸಾಕು ಸಾಕಾಗಿತ್ತು. ಕಂಪನಿಯ ಕ್ಯಾಟಲಾಗಿನಿಂದ ನಾಲ್ಕು ಬೋಲ್ಟಿನ ಕಬ್ಬಿಣದ ತಗಡಿನ ಚಿತ್ರವನ್ನು ಎತ್ತಿ ಪ್ರತಿ ಕಾಲಿಗೂ ಅಂಟಿಸಿ ಮನೆಗೆ ಹೋದ.

ಮೂರು ವಾರದ ಮೇಲೆ ಶರಣಕುಮಾರ ಹಿಗ್ಗುತ್ತ ಬಂದ. "ಶಹಾಬಾದದ ಶಿವಕಾಂತಮ್ಮೋರು ನಿನ್ನ ಚಿತ್ರ ನೋಡಿ ಹೂಂ ಅಂದಾರ. ಅವರ ಪರ್ಸಿ ಮನಿಗಿ ಇದ್ದದ್ದು ಇದ್ದಂಗ ಬೇಕಂತ. ನಾಳಿ ಮುಂಜಾನಿ ಹೊಸಾ ಫಿಟರ್‌ಗಳು ಹೋಗ್ತಾರ, ಚಿತ್ರ ಅವರ ಮೊಬೈಲಿಗಿ ಕಳಿಸೀನಿ."

ಸಾಬಣ್ಣ ಚಿತ್ರ ತೆರೆದು ನೋಡಿದ. ಕಾಲುಗಳ ಬುಡವನ್ನು ದೊಡ್ಡದು ಮಾಡಿದ. ಆ ನಾಲ್ಕು ಬೋಲ್ಟು ಆರ್‌ಸಿಸಿ ಮಾಳಿಗೆಗೆ ಸರಿ. ಗರ್ಡರಿನಿಂದ ಗರ್ಡರಿಗೆ ಹಾಸಿದ ಪರ್ಸಿಗೆ ಡ್ರಿಲ್ ಇಟ್ಟರೆ ಕಲ್ಲು ಸೀಳುತ್ತದೆ. ಈ ಸೀಮೆಯಲ್ಲಿ ಅಂಥ ಮನೆಗಳಿಗೆ ಸಿಮೆಂಟಿನ ದಿಮ್ಮಿ ಎರಕ ಹೊಯ್ದು, ಗರ್ಡರಿನ ನೇರಕ್ಕೆ ಇಟ್ಟು, ಅದರಲ್ಲಿ ಕಾಲು ಹೂಳುತ್ತಾರೆ. ಕಲ್ಲಿಗೆ ತೂತು ಕೊರೆಯುವುದಿಲ್ಲ. ಇದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಎಷ್ಟೋ ದಿಮ್ಮಿಗಳನ್ನು ಹೊತ್ತೇ ಅವನ ಸೊಂಟ ಹೋಗಿತ್ತು.

"ಫಿಟಿಂಗ್ ನಿಂದ್ರಸ್ರಿ. ಚಿತ್ರ ತಪ್ಪದ," ಎಂದ.

"ಎರಡು ದಿನ ನನ್ನ ತಲಿ ತಿಂದು ಈಗ ತಪ್ಪದ ಅಂತಿಯೇನು? ಸುಮ್ಮನಿರು," ಎಂದು ಶರಣಕುಮಾರ ಎದ್ದು ಹೋದ.

ಮರುದಿನ ಸಾಬಣ್ಣ ಮೊದಲ ಬಸ್ಸು ಹತ್ತಿದ. ವಾಡಿಯವರೆಗೆ ನಿಂತೇ ಹೋದ. ಶಹಾಬಾದದಲ್ಲಿ ಆ ಮನೆ ಹುಡುಕಿ, ಕಬ್ಬಿಣದ ಏಣಿಯನ್ನು ಹಲ್ಲು ಕಚ್ಚಿ ಒಂದೊಂದೇ ಮೆಟ್ಟಿಲು ಏರಿದಾಗ ಪರ್ಸಿಯ ಮೇಲೆ ಸುಣ್ಣದಕಡ್ಡಿಯ ಗುರುತುಗಳಿದ್ದವು. ಫಿಟರ್ ಡ್ರಿಲ್ಲಿಗೆ ವೈರು ಜೋಡಿಸುತ್ತಿದ್ದ.

"ತಡೀರಿ!"

ಮಾಳಿಗೆಯ ಮೇಲೇ ನಿಂತಿದ್ದ ಶಿವಕಾಂತಮ್ಮ ಸಿಟ್ಟಾದಳು. "ಯಾರಪ್ಪಾ ನೀ? ನಾ ಈ ಚಿತ್ರ ನೋಡೇ ಹೂಂ ಅಂದೀನಿ."

"ಆ ಚಿತ್ರ ಮಾಡಿದವ ನಾನೇ ಅವ್ವಾ. ಬಿಸಲು, ಬಾಗು ಎಲ್ಲಾ ಖರೇ ಅದ. ಬುಡ ತಪ್ಪದ. ಹಿಂಗ ತೂತು ಹೊಡದ್ರ ನಿಮ್ಮ ಪರ್ಸಿ ಸೀಳ್ತದ."

"ಗೊತ್ತಿದ್ದೂ ಯಾಕ ಹಂಗ ಮಾಡ್ದಿ?"

ನೆಪಗಳು ಬಾಯಿಗೆ ಬಂದವು. ಹೇಳಲು ಮನಸ್ಸಾಗಲಿಲ್ಲ. "ಸಾಕಾಗಿತ್ತು ಅವ್ವಾ," ಎಂದ.

ಅವಳು ಬಗ್ಗಿ ಕಲ್ಲಿನ ಮೇಲೆ ಕೈಯಾಡಿಸಿದಳು. "ನಮ್ಮ ಮನಿಯವರು ಮೂವತ್ತು ವರ್ಷ ಖಣಿಯಾಗ ಪರ್ಸಿ ಕಡದ್ರು. ಇವೂ ಅವರು ಕಡದದ್ದೇ. ದಿನಾ ಸಾಕಾಗೇ ಮನಿಗಿ ಬರ್ತಿದ್ರು. ಯಾವ ಕಲ್ಲು ಸೊಟ್ಟ ಅದ, ನೋಡಿ ಹೇಳು."

ಸಾಬಣ್ಣ ನೋಡಿದ. ಒಂದೂ ಇರಲಿಲ್ಲ.

"ಈಗ ಎಲ್ಲಿ ಇಡಬೇಕು ತೋರಸು," ಎಂದಳು.

ಅವನು ಕೆಳಗಿಳಿದು ಕೋಣೆಗಳಲ್ಲಿ ಗರ್ಡರು ಎಲ್ಲೆಲ್ಲಿವೆ ಎಂದು ಗೋಡೆಯಿಂದ ಅಳೆದ. ಮತ್ತೆ ಏಣಿ ಹತ್ತಿ ಹಳೆಯ ಗುರುತುಗಳನ್ನು ಅಂಗೈಯಿಂದ ಒರೆಸಿ ಹೊಸವು ಹಾಕಿದ. ಒಂದು ಅಳತೆಯ ಮೇಲೆ ಸಂಶಯ ಬಂತು. ಮತ್ತೆ ಇಳಿದ, ಮತ್ತೆ ಹತ್ತಿದ.

ದಿಮ್ಮಿಗಳು ಗಟ್ಟಿಯಾಗಿ ಪ್ಯಾನೆಲ್ಲು ಕುಳಿತ ಮೇಲೆ ಸಾಬಣ್ಣನೇ ಹೋಗಿ, ಜಾಹೀರಾತಿಗೆ ಹಳೆಯ ಚಿತ್ರದ ಬದಲು ಹಾಕಲೆಂದು ಆಗ್ನೇಯ ಮೂಲೆಯಿಂದ ಫೋಟೋ ತೆಗೆದು ತಂದ. ಶರಣಕುಮಾರ ಮುಖ ಸಿಂಡರಿಸಿದ.

"ಈ ದಿಮ್ಮಿ ಭಾಳ ಅಸಹ್ಯ ಕಾಣ್ತಾವ. ಅಳಿಸಿಬಿಡು, ಎರಡು ನಿಮಿಷದ ಕೆಲಸ. ಇಲ್ಲಾಂದ್ರ ಬ್ಯಾರೆ ಅಂಗಡಿಗಿ ಹೋಗ್ತೀನಿ."

ಸಾಬಣ್ಣನ ಸೊಂಟ ಆ ದಿನ ಎಂದಿಗಿಂತ ಹೆಚ್ಚು ನೋಯುತ್ತಿತ್ತು. ಕುರ್ಚಿಗೆ ಒರಗಿ ಕಣ್ಣುಜ್ಜಿಕೊಂಡ.

"ಹೋಗ್ರಿ," ಎಂದ. "ನಾ ಅಳಸಂಗಿಲ್ಲ."