ವೆಂಕಟಾಚಲಯ್ಯನವರ ಮಾಘ ಮಾಸ

ಜಯನಗರದ ನಮ್ಮ ಎದುರುಮನೆ ವೆಂಕಟಾಚಲಯ್ಯನವರು ಇಡೀ ಸರ್ವೀಸು ಬೇರೆಯವರ ತಪ್ಪು ಹುಡುಕಿದ ಗುಮಾಸ್ತರು. ಐವತ್ತೈದು ತುಂಬಿತೆಂದು 1959ರಲ್ಲಿ ರಿಟೈರಾದ ಮೇಲೆ ಆ ಕೆಲಸವನ್ನು ಮನೆಯಲ್ಲೇ ಮುಂದುವರಿಸಿದರು. ಸಾರಿನ ಉಪ್ಪು, ಕಾಫಿಯ ಬಿಸಿ, ಹೆಂಡತಿ ಪುಟ್ಟಲಕ್ಷ್ಮಮ್ಮ ಮಡಿಸಿಟ್ಟ ಪಂಚೆಯ ಅಂಚು, ಯಾವುದನ್ನೂ ಬಿಡಲಿಲ್ಲ.

1964ರ ಜನವರಿಯಲ್ಲಿ, ಬರುವ ತಿಂಗಳು ತಮಗೆ ಅರವತ್ತು ತುಂಬುತ್ತದೆಂದು ಷಷ್ಟ್ಯಬ್ದಿಗೆ ದಿನ ನೋಡಲು ಪುರೋಹಿತರನ್ನು ಕರೆಸಿದರು. ಅವರು ಜಾತಕ ಓದಿದರು: ಶಾಲಿವಾಹನ ಶಕ 1826, ಕ್ರೋಧಿ ಸಂವತ್ಸರ, ಮಾಘ ಮಾಸ.

"ಕ್ರೋಧಿ ಶುರುವಾಗೋದೇ ಈ ಯುಗಾದಿಗೆ. ಅದರ ಮಾಘ ಅಂದ್ರೆ ಮುಂದಿನ ವರ್ಷದ ಫೆಬ್ರವರಿ. ಬರೋ ತಿಂಗಳು ನಿಮಗೆ ತುಂಬೋದು ಐವತ್ತೊಂಬತ್ತು," ಎಂದರು ಪುರೋಹಿತರು.

"ಸರ್ವೀಸ್ ರಿಜಿಸ್ಟರಿನಲ್ಲಿ 1904 ಅಂತ ಇದೆಯಲ್ರೀ."

"ಯುಗಾದಿಯಿಂದ ಡಿಸೆಂಬರಿನವರೆಗೆ ಶಕಕ್ಕೆ ಎಪ್ಪತ್ತೆಂಟು ಕೂಡಿಸ್ಬೇಕು. ಮಾಘ ಬರೋ ಹೊತ್ತಿಗೆ ಇಂಗ್ಲಿಷ್ ವರ್ಷ ಬದಲಾಗಿರುತ್ತೆ, ಅದಕ್ಕೆ ಎಪ್ಪತ್ತೊಂಬತ್ತು. ನೀವು ಹುಟ್ಟಿದ್ದು 1905ರಲ್ಲಿ."

ವೆಂಕಟಾಚಲಯ್ಯ ಕೆಂಡವಾದರು. "ಯಾವ ಕತ್ತೆ ಈ ಲೆಕ್ಕ ಹಾಕಿದ್ದು? ಒಂದು ವರ್ಷ ಮೊದಲೇ ನನ್ನನ್ನ ಮನೇಲಿ ಕೂರಿಸಿಬಿಟ್ನಲ್ಲ."

ಪುಟ್ಟಲಕ್ಷ್ಮಮ್ಮ ಜಾತಕದ ಹಾಳೆ ತಿರುಗಿಸಿ ಗಂಡನ ಮುಂದಿಟ್ಟರು. ಹಿಂಬದಿಯಲ್ಲಿ 1826ರ ಕೆಳಗೆ 78 ಬರೆದು, ಕೂಡಿಸಿ, ಎರಡು ಗೆರೆ ಎಳೆದಿತ್ತು. ಅಕ್ಷರ ವೆಂಕಟಾಚಲಯ್ಯನವರದೇ, ಕೆಲಸಕ್ಕೆ ಸೇರುವಾಗ ಬರೆದದ್ದು.

"ಮನೇಲಿ ಕೂತೋರು ನೀವು ರೀ," ಎಂದರು ಪುಟ್ಟಲಕ್ಷ್ಮಮ್ಮ. "ಆ ಒಂದು ವರ್ಷ ಹೆಚ್ಚಿಗೆ ಬೈಸ್ಕೊಂಡೋಳು ನಾನು."